ಕ್ಯಾನ್ಸರ್ ಹಾಗೂ ಅಂಗಾಂಗ ಕಸಿ ಔಷಧಗಳಿಂದ ಉಂಟಾಗುವ ಮಧುಮೇಹ: ಸಕ್ಕರೆ ಪರೀಕ್ಷೆಯ ಕ್ರಮ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಭಾಗದ ಕ್ಯಾನ್ಸರ್ ರೋಗಿಗಳು ಕಲಬುರಗಿಯ ಕಿದ್ವಾಯಿ ಪೆರಿಫೆರಲ್ ಕ್ಯಾನ್ಸರ್ ಕೇಂದ್ರದಲ್ಲಿ ಅಥವಾ ಬೆಂಗಳೂರು, ಹೈದರಾಬಾದ್‌ಗಳಲ್ಲಿ ಕೀಮೋಥೆರಪಿ ಪಡೆದು ಊರಿಗೆ ಮರಳುವುದುಂಟು. ನಡುವಿನ ದಿನಗಳಲ್ಲಿ ಸ್ಥಳೀಯ ಆಸ್ಪತ್ರೆಯಲ್ಲಿ ರಕ್ತದ ಸಕ್ಕರೆ ಪರೀಕ್ಷಿಸಿಕೊಳ್ಳುವವರು ಪರೀಕ್ಷೆಯ ವೇಳೆಯ ಬಗ್ಗೆ ಗಮನ ನೀಡತಕ್ಕದ್ದು.

ಉದಾಹರಣೆಗೆ, ಮೊದಲು ಮಧುಮೇಹವಿಲ್ಲದ ರೋಗಿಯೊಬ್ಬರಿಗೆ ಲಿಂಫೋಮಾ ಎಂಬ ದುಗ್ಧಗ್ರಂಥಿ ಕ್ಯಾನ್ಸರ್‌ಗಾಗಿ 21 ದಿನಗಳಿಗೊಮ್ಮೆ ಕೀಮೋಥೆರಪಿ ನಡೆದಿದೆ ಎಂದು ಭಾವಿಸಬಹುದು. ಈ ಚಿಕಿತ್ಸೆಯ ಪ್ರಚಲಿತ ಕ್ರಮವೊಂದರಲ್ಲಿ ಮೊದಲ 5 ದಿನ ಪ್ರತಿದಿನ 100 ಮಿ.ಗ್ರಾಂ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ನೀಡಲಾಗುತ್ತದೆ. ಮೂರನೆಯ ದಿನ ಬರಿಹೊಟ್ಟೆಯಲ್ಲಿ ಸಕ್ಕರೆ 96 ಮಿ.ಗ್ರಾಂ. ಬಂದರೆ ರೋಗಿಯು ನಿಶ್ಚಿಂತರಾಗುತ್ತಾರೆ. ಆದರೆ ಅದೇ ದಿನ ಮಧ್ಯಾಹ್ನದ ಊಟವಾದ ಎರಡು ಗಂಟೆಯ ನಂತರ ಪರೀಕ್ಷಿಸಿದಲ್ಲಿ 286 ಬರಬಹುದು. ಬೆಳಿಗ್ಗೆ ಸೇವಿಸಿದ ಮಾತ್ರೆಯು ಯಕೃತ್ತಿನಿಂದ ಸಕ್ಕರೆ ಹೊರಬರುವುದನ್ನು ಹೆಚ್ಚಿಸಿ, ಇನ್ಸುಲಿನ್ನಿನ ಪರಿಣಾಮವನ್ನು ಕುಗ್ಗಿಸುತ್ತದೆ. ಇದರ ಪ್ರಭಾವ ಮಧ್ಯಾಹ್ನದಿಂದ ಸಂಜೆಯವರೆಗೆ ಅಧಿಕವಾಗಿದ್ದು ರಾತ್ರಿ ಇಳಿಯುತ್ತದೆ. ಆದುದರಿಂದ ಬರಿಹೊಟ್ಟೆಯ ಪರೀಕ್ಷೆಯೊಂದನ್ನೇ ನಂಬಿದರೆ ಈ ಮಧುಮೇಹ ಕಣ್ತಪ್ಪುತ್ತದೆ. ಸುಮಾರು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯೂ ಇಲ್ಲಿ ಸಾಲದು. ರಕ್ತಹೀನತೆಯಿದ್ದಲ್ಲಿ ಅಥವಾ ರಕ್ತ ಪಡೆದಿದ್ದಲ್ಲಿ ಅದರ ಫಲಿತಾಂಶವೇ ವ್ಯತ್ಯಾಸವಾಗುತ್ತದೆ.

ಈ ಕಾರಣದಿಂದ ವೈದ್ಯರು ಸ್ಟೀರಾಯ್ಡ್ ಸೇವಿಸುವ ದಿನಗಳಲ್ಲಿ ಮಧ್ಯಾಹ್ನದ ಊಟದ ನಂತರ ಅಥವಾ ರಾತ್ರಿ ಊಟಕ್ಕೆ ಮುಂಚೆ ಗ್ಲುಕೋಮೀಟರ್‌ನಿಂದ ಪರೀಕ್ಷಿಸಲು ಸೂಚಿಸುತ್ತಾರೆ. ಸಕ್ಕರೆ ಪದೇ ಪದೇ 200ಕ್ಕಿಂತ ಹೆಚ್ಚಿದ್ದಲ್ಲಿ ಚಿಕಿತ್ಸಾ ತಂಡಕ್ಕೆ ತಿಳಿಸತಕ್ಕದ್ದು. ಅಗತ್ಯವಿದ್ದವರಿಗೆ ಮಾತ್ರೆಯೊಂದಿಗೆ ಬೆಳಿಗ್ಗೆಯೇ ಇನ್ಸುಲಿನ್ ನೀಡಲಾಗುತ್ತದೆ. ಆರನೆಯ ದಿನ ಮಾತ್ರೆ ನಿಂತ ಮೇಲೂ ಅದೇ ಪ್ರಮಾಣದ ಇನ್ಸುಲಿನ್ ಮುಂದುವರಿಸಿದರೆ ಸಕ್ಕರೆ ಅಪಾಯಕರವಾಗಿ ಕುಸಿದು ಬೆವರು, ನಡುಕ, ಮಂಪರು ಉಂಟಾಗುತ್ತದೆ. ಆಸ್ಪತ್ರೆಯಿಂದ ಹೊರಡುವ ಮುನ್ನ ಯಾವ ದಿನ ಎಷ್ಟು ಇನ್ಸುಲಿನ್ ಎಂಬುದನ್ನು ಬರೆಯಿಸಿಕೊಳ್ಳುವುದು ಸೂಕ್ತ. ಮರೆಯುವುದು ಹೆಚ್ಚಾಗಿ ಇದನ್ನೇ.

ಮೂತ್ರಪಿಂಡ ಕಸಿಯಾದವರಲ್ಲಿ ಸ್ಟೀರಾಯ್ಡ್ ಜೊತೆಗೆ ಟ್ಯಾಕ್ರೋಲಿಮಸ್ ಔಷಧವೂ ಕಾರಣವಾಗುತ್ತದೆ. ಇದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಸ್ರವಿಕೆಯನ್ನು ತಗ್ಗಿಸುತ್ತದೆ. ಇವರಿಗೆ ಮೊದಲ ನಾಲ್ಕು ವಾರ ವಾರಕ್ಕೊಮ್ಮೆಯಾದರೂ, ನಂತರ ಒಂದು ವರ್ಷದವರೆಗೆ ಮೂರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಸಕ್ಕರೆ ಪರೀಕ್ಷೆ ನಡೆಯತಕ್ಕದ್ದು. ಸಕ್ಕರೆ ಏರಿತೆಂದು ಸ್ವಂತ ನಿರ್ಧಾರದಿಂದ ಔಷಧ ನಿಲ್ಲಿಸಿದಲ್ಲಿ ಕಸಿ ಮಾಡಿದ ಮೂತ್ರಪಿಂಡವೇ ನಷ್ಟವಾಗಬಹುದು.

ನಿವೊಲುಮಾಬ್, ಪೆಂಬ್ರೊಲಿಜುಮಾಬ್ ಮುಂತಾದ ಇಮ್ಯುನೋಥೆರಪಿ ಔಷಧಗಳಿಂದ ಮಧುಮೇಹ ಬರುವುದು ಸುಮಾರು ನೂರರಲ್ಲಿ ಒಬ್ಬರಿಗೆ ಮಾತ್ರ. ಆದರೆ ಇನ್ಸುಲಿನ್ ತಯಾರಿಸುವ ಜೀವಕೋಶಗಳೇ ನಾಶವಾಗುವುದರಿಂದ ಅದು ಕೆಲವೇ ದಿನಗಳಲ್ಲಿ ಉಲ್ಬಣಿಸಿ, ಸಾಮಾನ್ಯವಾಗಿ ಜೀವನಪರ್ಯಂತ ಇನ್ಸುಲಿನ್ ಅಗತ್ಯವಾಗುತ್ತದೆ. ಪ್ರತಿ ಡೋಸ್‌ಗೆ ಮುನ್ನ ಸಕ್ಕರೆ ಪರೀಕ್ಷಿಸುವುದು ಇದಕ್ಕಾಗಿಯೇ. ಎರಡು ಡೋಸ್‌ಗಳ ನಡುವೆ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ವಾಂತಿ, ಹೊಟ್ಟೆನೋವು ಅಥವಾ ಏದುಸಿರು ಕಂಡುಬಂದಲ್ಲಿ ಮುಂದಿನ ದಿನಾಂಕಕ್ಕೆ ಕಾಯದೆ 108 ವಾಹನದ ಮೂಲಕ ಆಸ್ಪತ್ರೆಗೆ ತೆರಳಿ, ಇಮ್ಯುನೋಥೆರಪಿ ಪಡೆಯುತ್ತಿರುವುದನ್ನು ಮೊದಲೇ ತಿಳಿಸಿ, ಸಕ್ಕರೆ ಹಾಗೂ ಕೀಟೋನ್ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು.