ದತ್ತಾಂಶ ಕಡತ ಹಾಗೂ ವಿಶ್ಲೇಷಣಾ ಸ್ಕ್ರಿಪ್ಟ್‌ಗಳಿಗೆ ಹೆಸರು ಮತ್ತು ಆವೃತ್ತಿ ಸಂಖ್ಯೆ ನೀಡುವ ಕ್ರಮ

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ಬೆಳೆ ಹಾನಿ ವಿವರಗಳನ್ನು ತಂಡವಾಗಿ ಸಂಗ್ರಹಿಸಿ, ಒಟ್ಟುಗೂಡಿಸಿ ಅರ್ಜಿಯೊಂದಿಗೆ ಸಲ್ಲಿಸುವವರ ಮಾಹಿತಿಗಾಗಿ ಈ ಕ್ರಮವನ್ನು ನೀಡಲಾಗಿದೆ. ಹಳೆಯ ಪ್ರತಿಯಿಂದ ಪಟ್ಟಿ ಸಿದ್ಧವಾದಲ್ಲಿ ನಂತರ ಸೇರಿಸಿದ ರೈತರ ಹೆಸರು ಬಿಟ್ಟುಹೋಗುತ್ತದೆ.

1. ಹೆಸರಿನ ರಚನೆ

ವಿಷಯ, ತಾಲ್ಲೂಕು, ವಿವರ ಸಂಗ್ರಹಿಸಿದ ದಿನಾಂಕ, ಆವೃತ್ತಿ ಎಂಬ ಅನುಕ್ರಮದಲ್ಲಿ ಹೆಸರಿಡತಕ್ಕದ್ದು.

```
belehani_savanur_2024-10-05_v02.csv
```

ದಿನಾಂಕದಲ್ಲಿ ವರ್ಷ ಮೊದಲು, ನಂತರ ತಿಂಗಳು, ದಿನ ಬರೆದರೆ ಒಂದೇ ವಿಷಯ ಮತ್ತು ತಾಲ್ಲೂಕಿನ ಕಡತಗಳು ಹೆಸರಿನ ಕ್ರಮದಲ್ಲಿ ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ಆವೃತ್ತಿ ಸಂಖ್ಯೆ ಎರಡು ಅಂಕಿಗಳಲ್ಲಿರಬೇಕು. ಇಲ್ಲದಿದ್ದಲ್ಲಿ ಅಕ್ಷರಕ್ರಮದಲ್ಲಿ ಓದುವ ಸ್ಕ್ರಿಪ್ಟ್ `v10` ಅನ್ನು `v2`ಗಿಂತ ಮೊದಲು ಇಡುತ್ತದೆ. `final`, `new` ಎಂಬ ಪದಗಳನ್ನು ಬಳಸಬಾರದು.

2. ತಾಲ್ಲೂಕಿನ ಹೆಸರು

ಶಿಗ್ಗಾಂವ ಎಂಬುದನ್ನು `shiggaon`, `shiggavi` ಎಂದು ಬೇರೆ ಬೇರೆಯಾಗಿ ಬರೆಯುವುದುಂಟು. ಸ್ಕ್ರಿಪ್ಟ್ ಇವನ್ನು ಎರಡು ತಾಲ್ಲೂಕುಗಳೆಂದೇ ಎಣಿಸುತ್ತದೆ. ಆದುದರಿಂದ ತಂಡವು ಒಂದೇ ರೂಪವನ್ನು ನಿಗದಿಪಡಿಸಿಕೊಳ್ಳತಕ್ಕದ್ದು. 2017ರ ರಾಜ್ಯ ಬಜೆಟ್‌ನಲ್ಲಿ ಘೋಷಿಸಲಾದ ಹೊಸ ತಾಲ್ಲೂಕುಗಳಲ್ಲಿ ರಟ್ಟೀಹಳ್ಳಿಯೂ ಒಂದಾಗಿದ್ದು, ಅದು ಹಿರೇಕೆರೂರಿನಿಂದ ಬೇರ್ಪಟ್ಟಿದೆ. ವಿಭಜನೆಗೆ ಮೊದಲಿನ ಕಡತಕ್ಕೂ ನಂತರದ ಕಡತಕ್ಕೂ `hirekerur` ಎಂದೇ ಹೆಸರಿದ್ದರೂ ಗ್ರಾಮಗಳು ಬೇರೆ. ಈ ವ್ಯತ್ಯಾಸವನ್ನು ವಹಿಯಲ್ಲಿ ನಮೂದಿಸಬೇಕು.

3. ತಿದ್ದುಪಡಿ

ಮೂಲ ಕಡತವನ್ನು ಎಂದಿಗೂ ತಿದ್ದಬಾರದು. ತಿದ್ದುಪಡಿಯನ್ನು ಮುಂದಿನ ಸಂಖ್ಯೆಯ ಹೊಸ ಕಡತದಲ್ಲಿ ಮಾಡಿ, ತಿದ್ದಿದವರು, ದಿನಾಂಕ, ಕಾರಣ ಮತ್ತು ಒಟ್ಟು ಸಾಲುಗಳನ್ನು ವಹಿಯಲ್ಲಿ ಬರೆಯತಕ್ಕದ್ದು. ಸ್ಕ್ರಿಪ್ಟ್‌ಗೂ (`ottu_v03.py`) ಇದೇ ನಿಯಮ ಅನ್ವಯಿಸುತ್ತದೆ. ತಾನು ಓದಿದ ಕಡತಗಳ ಹೆಸರು ಮತ್ತು ಸಾಲುಗಳ ಸಂಖ್ಯೆಯನ್ನು ಸ್ಕ್ರಿಪ್ಟ್ ಫಲಿತಾಂಶದೊಂದಿಗೆ ಮುದ್ರಿಸುವಂತಿರಬೇಕು.

4. ಉದಾಹರಣೆ

ಸವಣೂರಿನ `v01` ಕಡತದಲ್ಲಿ 412 ಸಾಲುಗಳಿದ್ದು, ಬಿಟ್ಟುಹೋದ ಮೂವರನ್ನು ಸೇರಿಸಿದ `v02`ರಲ್ಲಿ 415 ಇವೆ ಎಂದಿಟ್ಟುಕೊಳ್ಳೋಣ. ಸ್ಕ್ರಿಪ್ಟ್‌ನೊಳಗೆ ಹಳೆಯ ಹೆಸರೇ ಉಳಿದಿದ್ದರೆ ಅದು ಯಾವ ದೋಷವನ್ನೂ ತೋರಿಸದೆ ಪಟ್ಟಿ ನೀಡುತ್ತದೆ. ಮುದ್ರಿತ 412 ಮತ್ತು ವಹಿಯ 415 ಹೊಂದಾಣಿಕೆಯಾಗದಿರುವುದರಿಂದ ಮಾತ್ರ ತಪ್ಪು ಗೊತ್ತಾಗುತ್ತದೆ.

5. ಪರಿಶೀಲನೆ

ಇ-ಮೇಲ್‌ನಿಂದ ಇಳಿಸಿಕೊಂಡಾಗ ಕಡತದ ದಿನಾಂಕ ಬದಲಾಗಬಹುದಾದ್ದರಿಂದ ಅದನ್ನು ಆಧಾರವಾಗಿ ಪರಿಗಣಿಸಬಾರದು. ಇಬ್ಬರ ಬಳಿಯ ಒಂದೇ ಹೆಸರಿನ ಪ್ರತಿಗಳು ಒಂದೇ ಆಗಿವೆಯೇ ಎಂದು ತಿಳಿಯಲು ವಿಂಡೋಸ್ ಗಣಕಯಂತ್ರದಲ್ಲಿ ಈ ಆದೇಶ ನೀಡಬೇಕು:

```
certutil -hashfile belehani_savanur_2024-10-05_v02.csv SHA256
```

ಬರುವ ಸಂಕೇತ ಎರಡೂ ಕಡೆ ಒಂದೇ ಆಗಿದ್ದಲ್ಲಿ ಪ್ರತಿಗಳು ಒಂದೇ. ಭಿನ್ನವಾಗಿದ್ದಲ್ಲಿ ಯಾವುದು ಸರಿ ಎಂಬುದನ್ನು ಸಂಕೇತ ತಿಳಿಸುವುದಿಲ್ಲ, ವಹಿಯನ್ನೇ ನೋಡತಕ್ಕದ್ದು.