ನಾಲ್ಕು ಮೂಲೆಯಿಂದ ಪುಟದ ಬಾಗಿನವರೆಗೆ: ಫೋನಿನಲ್ಲಿ ಪುಸ್ತಕದ ಪ್ರತಿ ತೆಗೆಯುವ ತಂತ್ರದ ಇತಿಹಾಸ

ಕಿಟೆಲ್ ನಿಘಂಟಿನ ಪರಿಷ್ಕೃತ ಆವೃತ್ತಿಯನ್ನು ಮದರಾಸು ವಿಶ್ವವಿದ್ಯಾನಿಲಯ 1968ರಿಂದ 1971ರ ಅವಧಿಯಲ್ಲಿ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಪರಿಷ್ಕರಿಸಿದವರು ಎಂ. ಮರಿಯಪ್ಪ ಭಟ್ಟರು. ಇಂಥ ದಪ್ಪ ಸಂಪುಟವನ್ನು ಚೆನ್ನೈನ ಗ್ರಂಥಾಲಯವೊಂದರ ಮೇಜಿನ ಮೇಲೆ ಬಿಡಿಸಿ, ಒಂದು ಕೈಯಲ್ಲಿ ಪುಟ ಒತ್ತಿ ಹಿಡಿದು, ಇನ್ನೊಂದರಲ್ಲಿ ಫೋನ್ ಎತ್ತಿದರೆ ಮೂರು ತೊಡಕುಗಳು ಒಟ್ಟಿಗೇ ಬರುತ್ತವೆ: ಚೌಕಟ್ಟಿನ ಓರೆ, ಸಾಲಿನ ಬಾಗು, ಅಂಚಿನ ಬೆರಳು. ಮೂರಕ್ಕೂ ಪರಿಹಾರ ಹುಡುಕಿದ ಕಾಲ ಬೇರೆ, ಆ ಪರಿಹಾರಗಳ ನಂಬಿಕಾರ್ಹತೆಯೂ ಬೇರೆ ಎಂಬುದೇ ಈ ಲೇಖನದ ವಾದ.

ಓರೆ

ಓರೆಯ ಪರಿಹಾರ ಪುಸ್ತಕಕ್ಕಾಗಿ ಹುಟ್ಟಿದ್ದಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಆಸ್ಟ್ರಿಯಾದ ಥಿಯೋಡೋರ್ ಶೈಂಪ್‌ಫ್ಲೂಗ್ ಆಕಾಶದಿಂದ ತೆಗೆದ ನೆಲದ ಓರೆ ಚಿತ್ರಗಳನ್ನು ನಕ್ಷೆಗೆ ಹೊಂದಿಸುವ ಉಪಕರಣ ರೂಪಿಸಿದ. ಅಂದು ಮಸೂರ ಮಾಡಿದ ಕೆಲಸವನ್ನು ಇಂದು ಗಣಿತ ಮಾಡುತ್ತದೆ. ಸಮತಲವೊಂದರ ಓರೆ ಚಿತ್ರವನ್ನು ನೇರ ಮಾಡಲು ಎಂಟು ಅಜ್ಞಾತ ಸಂಖ್ಯೆಗಳು ತಿಳಿಯಬೇಕು. ಒಂದೊಂದು ಮೂಲೆಯಿಂದ ಎರಡು ಸಮೀಕರಣ ಸಿಗುವುದರಿಂದ ನಾಲ್ಕು ಮೂಲೆ ಸಾಕು. ಸ್ಕ್ಯಾನರ್ ಆ್ಯಪ್‌ಗಳಲ್ಲಿ ನಾವು ಎಳೆದು ಹೊಂದಿಸುವ ನಾಲ್ಕು ಬಿಂದುಗಳು ಇವೇ. ಬಿಡಿ ಹಾಳೆಗೆ ಈ ವಿಧಾನದಲ್ಲಿ ಕೊರತೆಯಿಲ್ಲ. ಬಿಡಿಸಿಟ್ಟ ಪುಸ್ತಕದ ಪುಟ ಮಾತ್ರ ಸಮತಲವಲ್ಲ.

ಬಾಗು

ಹೊಲಿಗೆಯ ಬಳಿ ಪುಟ ಮೇಲೆದ್ದು, ಆಮೇಲೆ ಸಂದಿಗೆ ಇಳಿಯುತ್ತದೆ. ಫೋನ್ 40 ಸೆಂಟಿಮೀಟರ್ ಎತ್ತರದಲ್ಲಿದ್ದು, ಪುಟ 2 ಸೆಂಟಿಮೀಟರ್ ಉಬ್ಬಿದೆ ಎಂದುಕೊಳ್ಳೋಣ. ಕ್ಯಾಮೆರಾಗೆ ಹತ್ತಿರವಾದ ಆ ಭಾಗ 40/38ರಷ್ಟು, ಎಂದರೆ ಶೇ. 5ರಷ್ಟು ಹಿಗ್ಗಿ ಕಾಣುತ್ತದೆ. ಚಿತ್ರದ ನಡುವಿನಿಂದ 10 ಸೆಂಟಿಮೀಟರ್ ಮೇಲಿರುವ ಸಾಲು ಅಲ್ಲಿ ಸುಮಾರು 5 ಮಿಲಿಮೀಟರ್ ಮೇಲಕ್ಕೆ ಸರಿಯುತ್ತದೆ. ಒತ್ತಾಗಿ ಅಚ್ಚಾದ ಪುಟದಲ್ಲಿ ಅದು ಹೆಚ್ಚು ಕಡಿಮೆ ಒಂದು ಸಾಲಿನ ಅಂತರ! ನಡುವಿನ ಸಾಲು ನೇರವಾಗಿದ್ದು, ಮೇಲಿನ ಹಾಗೂ ಕೆಳಗಿನ ಸಾಲುಗಳು ಹೊರಕ್ಕೆ ಬಾಗುವುದು ಈ ಕಾರಣದಿಂದ. ಫೋನನ್ನು 80 ಸೆಂಟಿಮೀಟರಿಗೆ ಎತ್ತಿ ಜೂಮ್ ಮಾಡಿದರೆ ಬಾಗು ಅರ್ಧಕ್ಕಿಳಿಯುತ್ತದೆ.

ಮೈಕ್ರೋಫಿಲ್ಮ್ ಕಾಲದಲ್ಲಿ ಗಾಜು ಒತ್ತಿ ಪುಟವನ್ನೇ ಚಪ್ಪಟೆ ಮಾಡುತ್ತಿದ್ದರು. ಪುಟದ ಮೇಲೆ ಅವಕೆಂಪು ಬೆಳಕಿನ ವಿನ್ಯಾಸ ಬೀರಿ ಅದರ ಆಕಾರ ಅಳೆಯುವ ವಿಧಾನಕ್ಕೆ ಗೂಗಲ್ 2009ರಲ್ಲಿ ಪೇಟೆಂಟ್ ಪಡೆಯಿತು. ಕ್ಯಾಮೆರಾ ಒಂದೇ ಇದ್ದಾಗ ಅಕ್ಷರಸಾಲುಗಳೇ ಸುಳಿವು. ಅಂಥ ವಿಧಾನಗಳನ್ನು ಹೋಲಿಸಲು 2007ರಲ್ಲಿ ಬ್ರೆಜಿಲ್‌ನ ಕುರಿಟಿಬಾದಲ್ಲಿ ನಡೆದ ಕಾರ್ಯಾಗಾರವೊಂದು ಸ್ಪರ್ಧೆಯನ್ನೇ ಏರ್ಪಡಿಸಿತ್ತು. ಮ್ಯಾಟ್ ಝಕರ್ 2016ರಲ್ಲಿ ಪ್ರಕಟಿಸಿದ `page_dewarp` ಎಂಬ ಪ್ರೋಗ್ರಾಂ ಅಕ್ಷರದ ತುಣುಕುಗಳನ್ನು ಸಾಲಾಗಿ ಪೋಣಿಸಿ, ಅವು ನೇರವಾಗುವಂತೆ ಪುಟದ ಬಾಗನ್ನು ಊಹಿಸುತ್ತದೆ.

ಕನ್ನಡದ ತೊಡಕು ಇಲ್ಲಿದೆ. ದೇವನಾಗರಿಗಿರುವ ಶಿರೋರೇಖೆ ನಮ್ಮ ಲಿಪಿಗಿಲ್ಲ. ಒತ್ತಕ್ಷರಗಳು ಸಾಲಿನ ಕೆಳಗೆ ಬಿಡಿ ತುಣುಕುಗಳಾಗಿ ನಿಲ್ಲುತ್ತವೆ. ಪ್ರೋಗ್ರಾಂ ಅವನ್ನು ಬೇರೊಂದು ಸಾಲೆಂದು ಎಣಿಸಬಹುದು, ಇಲ್ಲವೇ ಕೆಳಸಾಲಿನ ತಲೆಕಟ್ಟಿಗೆ ಅಂಟಿಸಬಹುದು. ಒತ್ತಕ್ಷರ ದಟ್ಟವಾಗಿರುವ ಕಡೆ ಸಾಲು ಅಲೆಯಾಡಿದರೆ ಈ ತಪ್ಪನ್ನು ಶಂಕಿಸಬೇಕು.

ಸಾಲು ನೇರವಾದರೂ ಒಂದು ನಷ್ಟ ಉಳಿಯುತ್ತದೆ. ಸಂದಿಯ ಬಳಿ ಪುಟ 60 ಡಿಗ್ರಿ ಇಳಿಜಾರಾಗಿದ್ದರೆ ಅಕ್ಷರದ ಅಗಲ ಅರ್ಧವಾಗುತ್ತದೆ. ಪ್ರೋಗ್ರಾಂ ಅದನ್ನು ಹಿಗ್ಗಿಸಬಲ್ಲದು, ಕಳೆದ ವಿವರವನ್ನು ತರಲಾರದು. ನಿಘಂಟಿನ ಬಲಪುಟದಲ್ಲಿ ಮುಖ್ಯಪದಗಳು ಸಂದಿಯ ಕಡೆಯ ಎಡ ಅಂಚಿನಲ್ಲೂ ಇರುವುದರಿಂದ ಹೆಚ್ಚು ಪೆಟ್ಟು ಅವಕ್ಕೇ. ಒಂದೊಂದೇ ಪುಟವನ್ನು, ಎದುರು ರಟ್ಟನ್ನು ಓರೆಯಾಗಿ ಎತ್ತಿ ಆನಿಸಿಟ್ಟು ತೆಗೆದರೆ ಈ ನಷ್ಟ ತಗ್ಗುತ್ತದೆ.

ಬೆರಳು

ಚಿತ್ರದ ತೆರಪನ್ನು ಸುತ್ತಲಿನ ಬಣ್ಣದಿಂದ ತುಂಬುವ ಗಣಿತವನ್ನು ಬರ್ತಾಲ್ಮಿಯೊ ಮತ್ತು ಸಂಗಡಿಗರು 2000ದಲ್ಲಿ ಮಂಡಿಸಿದರು. 2013ರಲ್ಲಿ ಬಂದ ಫುಜಿತ್ಸುವಿನ SV600 ಸ್ಕ್ಯಾನರಿನಲ್ಲಿ ಬೆರಳು ಅಳಿಸುವ ಸೌಲಭ್ಯವಿತ್ತು. ಮುಂದೆ vFlat ಆ್ಯಪ್ ಅದನ್ನು ಫೋನಿಗೆ ತಂದಿತು. ಬಣ್ಣವನ್ನೇ ನೆಚ್ಚಿ ಬೆರಳು ಗುರುತಿಸುವ ವಿಧಾನ ಹಳೆಯ ಕಾಗದದ ಮುಂದೆ ಸೋಲುತ್ತದೆ, ಏಕೆಂದರೆ ಕಂದಿದ ಕಾಗದವೂ ನಮ್ಮ ಚರ್ಮವೂ ಹತ್ತಿರದ ಬಣ್ಣದವು. ಕೆಲವು ಸ್ಕ್ಯಾನರುಗಳ ಜೊತೆ ಗಾಢ ಹಳದಿ ಬೆರಳುಚೀಲ ಕೊಡುವುದು ಇದಕ್ಕಾಗಿ. ಬೆರಳು ಪುಟದ ಅಂಚನ್ನು ಮುಚ್ಚಿದರೆ ಅಂಚಿನ ಗೆರೆಯೇ ತಪ್ಪಾಗಿ ಸಿಕ್ಕಿ, ಪಕ್ಕದ ಸಾಲುಗಳು ಅಲ್ಲಿ ಮಾತ್ರ ಕುಗ್ಗುತ್ತವೆ.

ಖಾಲಿ ಅಂಚಿನ ಬೆರಳನ್ನು ಅಳಿಸಿದರೆ ಹಾನಿಯಿಲ್ಲ. ಅಕ್ಷರದ ಮೇಲಿನ ಬೆರಳನ್ನು ಅಳಿಸಿದಾಗ ಉಳಿಯುವುದು ನುಣುಪಾದ ಖಾಲಿ ಜಾಗ. ಅಡಿಟಿಪ್ಪಣಿಯೋ ಪುಟಸಂಖ್ಯೆಯೋ ಅಲ್ಲಿತ್ತೆಂಬ ಕುರುಹೂ ಉಳಿಯದು. ಸಂಶೋಧನೆಗೆ ಪ್ರತಿ ತೆಗೆಯುವವರು ತಿದ್ದದ ಮೂಲಚಿತ್ರವನ್ನು ಜೊತೆಗೇ ಇಟ್ಟುಕೊಳ್ಳಬೇಕು. ಬೆರಳು ಅಕ್ಷರ ಮುಟ್ಟಿದ್ದರೆ ಆ ಪುಟವನ್ನು ಮತ್ತೆ ತೆಗೆಯಬೇಕು.