ಭಾಲ್ಕಿ ಅತ್ತಿ, ಔರಾದ ಮಾಮಾ: ಬೀದರ್ ಸೀಮೆಯ ಬಂಧುವಾಚಕಗಳು ಇಂಗ್ಲಿಷಿಗೆ ಹೊರಟಾಗ

ಬೀದರ್‌ನಿಂದ ಔರಾದಿನ ಕಡೆ ಹೊರಟರೆ ದಾರಿಯಲ್ಲಿ ಜನವಾಡ ಸಿಗುತ್ತದೆ. ಮುಂದೆ ಮಾಂಜ್ರಾ ನದಿ, ಅದನ್ನು ದಾಟಿದರೆ ಔರಾದ ಸೀಮೆ, ಪಶ್ಚಿಮಕ್ಕೆ ಭಾಲ್ಕಿ. ಈ ಭಾಗದ ಮನೆಗಳಲ್ಲಿ ಅಪ್ಪನ ತಮ್ಮನನ್ನು ‘ಚಿಕ್ಕಪ್ಪ’ ಎನ್ನುವುದಕ್ಕಿಂತ ‘ಕಾಕಾ’ ಎಂದು ಕರೆಯುವುದೇ ಹೆಚ್ಚು. ಅವ್ವನ ಅಣ್ಣತಮ್ಮಂದಿರು ‘ಮಾಮಾ’. ಅಣ್ಣನ ಹೆಂಡತಿ ಒಂದು ಮನೆಯಲ್ಲಿ ‘ಅತ್ತಿಗಿ’, ಪಕ್ಕದ ಮನೆಯಲ್ಲಿ ‘ವೈನಿ’. ಅವ್ವನ ತಂಗಿ ಕೆಲವರಿಗೆ ‘ಚಿಗವ್ವ’, ಮರಾಠಿ ನಂಟಿರುವವರಿಗೆ ‘ಮಾವಶಿ’. ಅಪ್ಪನ ಅಪ್ಪ ‘ಮುತ್ಯಾ’, ಅವನ ಹೆಂಡತಿ ‘ಆಯಿ’. ಗಡಿಯಾಚೆ ಉದಗೀರಿನ ಮರಾಠಿ ಮನೆಗೆ ಹೋದರೆ ಅಲ್ಲಿ ‘ಆಯಿ’ ಎಂದರೆ ಅಜ್ಜಿಯಲ್ಲ, ಹೆತ್ತ ತಾಯಿ. ಎರಡೂ ಕಡೆ ನೆಂಟಸ್ತನ ಇರುವ ಮಕ್ಕಳು ಯಾರ ಮನೆಯಲ್ಲಿ ಯಾರನ್ನು ಆಯಿ ಎನ್ನಬೇಕು ಎಂಬುದನ್ನು ಮಾತು ಕಲಿಯುವಾಗಲೇ ಕಲಿತಿರುತ್ತಾರೆ.

ಇದು ಹೀಗಾಗಲು ಚರಿತ್ರೆಯೇ ಕಾರಣ. 1948ರ ಸೆಪ್ಟೆಂಬರ್‌ವರೆಗೆ ಬೀದರ್ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕಚೇರಿ ಉರ್ದುವಿನಲ್ಲಿ ನಡೆಯುತ್ತಿತ್ತು. ಮನೆ, ಸಂತೆಗಳಲ್ಲಿ ಕನ್ನಡ, ಮರಾಠಿ, ತೆಲುಗು, ದಖನಿ ಒಟ್ಟಿಗೇ ಕೇಳುತ್ತಿದ್ದವು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದಾಗ ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು. ಬೀದರ್, ಭಾಲ್ಕಿ, ಔರಾದ, ಹುಮನಾಬಾದ್ ಮೈಸೂರು ರಾಜ್ಯಕ್ಕೆ ಬಂದವು. ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ಕಡೆಗೆ, ಜಹೀರಾಬಾದ್ ಮತ್ತು ನಾರಾಯಣಖೇಡ ಆಂಧ್ರದ ಕಡೆಗೆ ಹೋದವು. ಆದರೆ ಬೀಗತನ ಹಾಗೆ ಪಾಲಾಗಲಿಲ್ಲ. ಭಾಲ್ಕಿಯ ಹೆಣ್ಣು ಉದಗೀರಿಗೆ ಹೋಗುವುದು, ನಾರಾಯಣಖೇಡದ ಸೊಸೆ ಔರಾದಿಗೆ ಬರುವುದು ನಿಲ್ಲಲಿಲ್ಲ, ಅವರ ಜೊತೆ ಕರೆಯುವ ಮಾತುಗಳೂ ಹೋಗಿ ಬರುತ್ತಲೇ ಇದ್ದವು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಕಾಕಾ, ವೈನಿ, ಮಾವಶಿ ಎಂಬ ಮಾತುಗಳನ್ನು ಬೀದರ್ ಕನ್ನಡ ಅನುವಾದಿಸಿಕೊಳ್ಳಲಿಲ್ಲ, ಇದ್ದ ಹಾಗೇ ಎತ್ತಿಕೊಂಡು ಕನ್ನಡದ ಪ್ರತ್ಯಯ ಹಚ್ಚಿತು: ಕಾಕಾನ ಹೊಲ, ವೈನಿಗಿ ಹೇಳು, ಮಾವಶ್ಯಾರ ಮನಿ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇಂಗ್ಲಿಷ್ ಮಾತಿನ ನಡುವೆ ಅತ್ತೆಯನ್ನು ಹೇಗೆ ಕರೆಯುವುದೆಂದು ಕೇಳುವ ಕನ್ನಡಿಗರಿಗೆ ಈ ಸೀಮೆ ತಲೆಮಾರುಗಳಿಂದ ಕೊಡುತ್ತಾ ಬಂದ ಉತ್ತರ ಇದೇ.

ಇಂಗ್ಲಿಷಿನ ‘ಅಂಕಲ್’, ‘ಆಂಟ್’, ‘ಕಸಿನ್’ ಏಕೆ ಸಾಲುವುದಿಲ್ಲ ಎಂಬುದಕ್ಕೆ ಪದಗಳ ಬಡತನ ಪೂರ್ತಿ ಉತ್ತರವಲ್ಲ. ಕನ್ನಡದ ಬಂಧುವಾಚಕಗಳ ಹಿಂದೆ ಒಂದು ಲೆಕ್ಕವಿದೆ. ಅಪ್ಪನ ಅಣ್ಣತಮ್ಮಂದಿರು ದೊಡ್ಡಪ್ಪ, ಚಿಕ್ಕಪ್ಪ; ಎಂದರೆ ಅವರೂ ಅಪ್ಪಂದಿರೇ. ಅವ್ವನ ಅಕ್ಕತಂಗಿಯರು ದೊಡ್ಡವ್ವ, ಚಿಗವ್ವ; ಅವರೂ ಅವ್ವಂದಿರೇ. ಹಾಗಾಗಿ ಅವರ ಮಕ್ಕಳು ಅಣ್ಣ, ತಮ್ಮ, ಅಕ್ಕ, ತಂಗಿ. ಅಪ್ಪನ ಅಕ್ಕತಂಗಿ ಮತ್ತು ಅವ್ವನ ಅಣ್ಣತಮ್ಮ ಮಾತ್ರ ಬೇರೆ ಸಾಲಿನವರು: ಅತ್ತೆ ಮತ್ತು ಮಾವ. ಅವರ ಮಕ್ಕಳು ಭಾವ, ಮೈದುನ, ನಾದಿನಿ, ಅವರೊಡನೆ ಮದುವೆಯಾಗಬಹುದು. ಗಂಡನ ತಾಯಿಗೂ ಅಪ್ಪನ ತಂಗಿಗೂ ‘ಅತ್ತೆ’ ಎಂಬ ಒಂದೇ ಮಾತು ಸಾಕಾಗಿರುವುದು ಇದರಿಂದಲೇ. ಅತ್ತೆಯ ಮಗನನ್ನು ಮದುವೆಯಾದ ಹುಡುಗಿ ಅತ್ತೆಯನ್ನು ಬೇರೆ ಹೆಸರಿನಿಂದ ಕರೆಯಬೇಕಾಗಿರಲಿಲ್ಲ. 1955ರ ಹಿಂದೂ ವಿವಾಹ ಕಾಯ್ದೆ ಇಂಥ ಹತ್ತಿರದ ಸಂಬಂಧಗಳನ್ನು ನಿಷೇಧಿಸಿತಾದರೂ ರೂಢಿ ಇರುವಲ್ಲಿ ಅವಕಾಶ ಕೊಟ್ಟಿತು.

ಈ ಲೆಕ್ಕವನ್ನು ಜಗತ್ತಿನ ಮುಂದೆ ಇಟ್ಟವರಲ್ಲಿ ಮೊದಲಿಗನು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನ ವಕೀಲ ಲೂಯಿಸ್ ಹೆನ್ರಿ ಮಾರ್ಗನ್. 1871ರಲ್ಲಿ ಪ್ರಕಟವಾದ ಅವನ ದೊಡ್ಡ ಪುಸ್ತಕದ ಪಟ್ಟಿಗಳಲ್ಲಿ ತಮಿಳು, ತೆಲುಗಿನ ಜೊತೆ ಕನ್ನಡವೂ ಇದೆ. ತನ್ನ ಊರಿನ ಆಸುಪಾಸಿನ ಸೆನೆಕಾ ಮೂಲನಿವಾಸಿಗಳೂ ಅಪ್ಪನ ಸಹೋದರನನ್ನು ಅಪ್ಪ ಎಂದೇ ಕರೆಯುತ್ತಾರೆ, ದಕ್ಷಿಣ ಭಾರತದವರೂ ಹಾಗೆಯೇ ಎಂಬುದು ಅವನನ್ನು ಬೆರಗುಗೊಳಿಸಿತ್ತು. ಮುಂದೆ 1953ರಲ್ಲಿ ಇರಾವತಿ ಕರ್ವೆ ಭಾರತದ ಬಂಧುತ್ವದ ಬಗ್ಗೆ ಬರೆದಾಗ ಮಹಾರಾಷ್ಟ್ರವನ್ನು ಉತ್ತರಕ್ಕೂ ದಕ್ಷಿಣಕ್ಕೂ ನಡುವಿನ ಸೀಮೆಯಾಗಿ ನೋಡಿದರು. ಅಲ್ಲಿಯ ಅನೇಕ ಸಮುದಾಯಗಳಲ್ಲಿ ಮಾಮಾನ ಮಗಳನ್ನು ತರುವ ರೂಢಿ ಇದೆ. ಬೀದರ್‌ನಲ್ಲಿ ಮರಾಠಿಯ ‘ಮಾಮಾ’ ಕನ್ನಡದ ಸೋದರಮಾವನ ಜಾಗದಲ್ಲಿ ತೊಡಕಿಲ್ಲದೆ ಕೂತದ್ದಕ್ಕೆ ಇದೂ ಒಂದು ಕಾರಣವಿರಬೇಕು.

ಇಂಗ್ಲಿಷಿಗೂ ಒಂದು ಕಾಲಕ್ಕೆ ಈ ವಿವರ ಗೊತ್ತಿತ್ತು. ಹಳೆಯ ಇಂಗ್ಲಿಷಿನಲ್ಲಿ ಅಪ್ಪನ ಸಹೋದರನಿಗೆ ಒಂದು ಮಾತು, ಅವ್ವನ ಸಹೋದರನಿಗೆ ಇನ್ನೊಂದು ಮಾತು ಇತ್ತು; ಅತ್ತೆಗೂ ಚಿಕ್ಕಮ್ಮನಿಗೂ ಬೇರೆಬೇರೆ ಮಾತುಗಳಿದ್ದವು. 1066ರ ನಂತರ ಆಳಲು ಬಂದವರ ಫ್ರೆಂಚಿನಿಂದ ಅಂಕಲ್, ಆಂಟ್ ಬಂದು ಆ ನಾಲ್ಕನ್ನೂ ಮೂಲೆಗೆ ಸರಿಸಿದವು. ಲ್ಯಾಟಿನ್ ಮೂಲದಲ್ಲಿ ಅಂಕಲ್ ಎಂದರೆ ಅವ್ವನ ಸಹೋದರ, ನಮ್ಮ ಸೋದರಮಾವನೇ. ಆಂಟ್ ಎಂದರೆ ಅಪ್ಪನ ಸಹೋದರಿ, ನಮ್ಮ ಅತ್ತೆಯೇ.

ಈಗ ಒಂದು ಮಾತನ್ನು ಹಿಡಿದು ನೋಡೋಣ. ಮದುವೆಯ ಹಿಂದಿನ ದಿನ ಜನವಾಡದಿಂದ ಫೋನು ಬರುತ್ತದೆ: “ಭಾಲ್ಕಿ ಅತ್ತಿ ನಾಳಿ ಬರ್ತಾರ. ಔರಾದ ಮಾಮಾ ಇನ್ನಾ ಹೊಂಟಿಲ್ಲ, ಆಹೇರಿ ಅವರ ಕಡೀನೇ ಅದ. ಕಾಕಾನ ಮಗಳು ಇಲ್ಲೇ ಅದಾಳ.” ಇದನ್ನು ಡಲ್ಲಾಸಿನಲ್ಲಿರುವ ಮಗ ತನ್ನ ಮಗಳಿಗೆ ಇಂಗ್ಲಿಷಿನಲ್ಲಿ ಹೇಳಬೇಕು. ‘ಮೈ ಆಂಟ್ ಈಸ್ ಕಮಿಂಗ್, ಮೈ ಅಂಕಲ್ ಹ್ಯಾಸ್‌ಂಟ್ ಲೆಫ್ಟ್, ಮೈ ಕಸಿನ್ ಈಸ್ ಹಿಯರ್’ ಎಂದರೆ ವ್ಯಾಕರಣ ಸರಿಯಾಗಿಯೇ ಇರುತ್ತದೆ. ಆದರೆ ಉಡುಗೊರೆಯ ಬಟ್ಟೆ ಆ ಅಂಕಲ್‌ನ ಹತ್ತಿರವೇ ಏಕಿದೆ, ಅವನು ಬರದೆ ಮನೆಯವರಿಗೆ ಏಕಿಷ್ಟು ಕಳವಳ ಎಂಬುದು ಮಗುವಿಗೆ ತಿಳಿಯುವುದಿಲ್ಲ. ಅವನು ಸೋದರಮಾವ, ಮದುವೆಯಲ್ಲಿ ಅವನದೇ ಕೆಲಸಗಳಿವೆ ಎಂಬ ಸಂಗತಿ ‘ಅಂಕಲ್’ ಎಂಬಲ್ಲಿ ಕಳೆದುಹೋಗಿದೆ.

ಸರಿಪಡಿಸುವುದು ಕಷ್ಟವಲ್ಲ. ‘ಭಾಲ್ಕಿ ಅತ್ತಿ ಈಸ್ ಕಮಿಂಗ್ ಟುಮಾರೊ. ಔರಾದ್ ಮಾಮಾ, ಮೈ ಮದರ್ಸ್ ಬ್ರದರ್, ಹ್ಯಾಸ್‌ಂಟ್ ಲೆಫ್ಟ್ ಯೆಟ್.’ ಇಲ್ಲಿ ಮೂರು ಸಂಗತಿ ನಡೆದಿವೆ. ಮೊದಲನೆಯದು, ಬಂಧುವಾಚಕ ಹೆಸರಿನಂತೆ ಕೂತಿದೆ. ಇಂಗ್ಲಿಷಿನಲ್ಲಿ ತಾಯಿಯನ್ನು ಹೆಸರಿನ ಜಾಗದಲ್ಲಿಟ್ಟು ‘ಮಾಮ್’ ಎಂದಾಗ ದೊಡ್ಡಕ್ಷರದಿಂದ, ‘ಮೈ ಮಾಮ್’ ಎಂದಾಗ ಸಣ್ಣಕ್ಷರದಿಂದ ಬರೆಯುತ್ತಾರೆ. ಅತ್ತಿ, ಮಾಮಾಗಳಿಗೂ ಅದೇ ನಿಯಮ ಸಾಕು. ಎರಡನೆಯದು, ಊರಿನ ಅಥವಾ ವ್ಯಕ್ತಿಯ ಹೆಸರು ಮುಂದೆ, ಸಂಬಂಧ ಹಿಂದೆ. ಕನ್ನಡದಲ್ಲಿ ಶರಣಪ್ಪ ಕಾಕಾ; ಅದನ್ನು ಇಂಗ್ಲಿಷಿನ ಕ್ರಮಕ್ಕೆ ತಿರುಗಿಸಿ ಕಾಕಾ ಶರಣಪ್ಪ ಎಂದರೆ ಯಾರೂ ಕರೆಯದ ಹೆಸರಾಗುತ್ತದೆ. ಮೂರನೆಯದು, ವಿವರಣೆ ಒಂದೇ ಸಲ, ಅದೂ ತಾಯಿ ಅಥವಾ ತಂದೆಯ ಮೂಲಕ. ‘ಮೈ ಮದರ್ಸ್ ಬ್ರದರ್’ ಎಂಬಷ್ಟನ್ನು ಮೊದಲ ಸಲ ಸೇರಿಸಿದರೆ ಮುಂದೆಲ್ಲ ಮಾಮಾ ಎಂದರೆ ಸಾಕು.

‘ಅತ್ತೆ ಆಂಟಿ’, ‘ಮಾಮಾ ಅಂಕಲ್’ ಎಂದು ಜೋಡಿಸುವುದನ್ನು ಮಾತ್ರ ಬಿಡಬೇಕು. ಪರದೇಶದ ಕನ್ನಡ ಕೂಟಗಳಲ್ಲಿ ಅಪ್ಪನ ಗೆಳೆಯರೆಲ್ಲ ಅಂಕಲ್, ಅವರ ಹೆಂಡಂದಿರೆಲ್ಲ ಆಂಟಿ ಆಗಿರುವುದರಿಂದ ಆ ಮಾತುಗಳಲ್ಲಿ ರಕ್ತಸಂಬಂಧ ಉಳಿದಿಲ್ಲ. ಅವನ್ನು ಗೆಳೆಯರಿಗೇ ಬಿಟ್ಟು, ಕನ್ನಡದ ಮಾತುಗಳನ್ನು ನೆಂಟರಿಗೆ ಇಟ್ಟುಕೊಂಡರೆ ಮಗುವಿಗೆ ಎರಡರ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ‘ಕಸಿನ್ ಬ್ರದರ್’ ಎಂಬ ಭಾರತೀಯ ಬಳಕೆಯನ್ನು ಹಲವರು ತಪ್ಪೆಂದು ತಿದ್ದುತ್ತಾರೆ. ಕಾಕಾನ ಮಗ, ಚಿಗವ್ವನ ಮಗ ನಿಜಕ್ಕೂ ಅಣ್ಣತಮ್ಮಂದಿರೇ ಆದ್ದರಿಂದ ಅವರಿಗೆ ಈ ಮಾತು ಒಪ್ಪುತ್ತದೆ. ಮಾಮಾನ ಮಗನಿಗೆ ಒಪ್ಪುವುದಿಲ್ಲ. ಅವನು ಭಾವನೋ ಮೈದುನನೋ ಹೊರತು ಸಹೋದರನಲ್ಲ.

ಬರವಣಿಗೆಯಲ್ಲಿ ಎಡವುವುದು ಕಾಗುಣಿತದಲ್ಲಿ. ಮಾಮಾನನ್ನು ಇಂಗ್ಲಿಷಿನಲ್ಲಿ ಒಂದೊಂದೇ ‘ಎ’ ಹಾಕಿ ಬರೆದರೆ ಅಲ್ಲಿಯವರು ಅದನ್ನು ‘ಅಮ್ಮ’ ಎಂದೇ ಓದುತ್ತಾರೆ. ಮೊದಲ ಸ್ವರಕ್ಕೆ ಎರಡು ‘ಎ’ ಕೊಟ್ಟರೆ ಗೊಂದಲ ತಪ್ಪುತ್ತದೆ, ಮಾವನಿಗೂ ಅದೇ. ಅಣ್ಣನನ್ನು ಬರೆದರೆ ಆನಾ ಎಂಬ ಹೆಂಗಸಿನ ಹೆಸರಾಗುತ್ತದೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು 2017ರಲ್ಲಿ ಹಿರಿಯ ಸಹೋದರನೆಂಬ ಅರ್ಥದಲ್ಲಿ ಆ ಪದವನ್ನು ಸೇರಿಸಿಕೊಂಡಿದ್ದರೂ ಸಾಮಾನ್ಯ ಓದುಗರಿಗೆ ಅದಿನ್ನೂ ಗೊತ್ತಿಲ್ಲ. ಹೆಸರಿನ ಜೊತೆ, ‘ರಾಜು ಅಣ್ಣ’ ಎಂಬಂತೆ, ಬರೆಯುವುದೇ ಕ್ಷೇಮ. ಇಂಗ್ಲಿಷಿನ ಬಹುವಚನ, ಷಷ್ಠಿಗಳನ್ನು ಹಚ್ಚಲು ಹಿಂಜರಿಯಬೇಕಿಲ್ಲ: ‘ಟೂ ಅತ್ತೆಸ್’, ‘ಕಾಕಾಸ್ ಹೌಸ್’. ಬೀದರ್ ಕನ್ನಡ ಮರಾಠಿ ಮಾತಿಗೆ ಮಾಡಿದ್ದೂ ಇದನ್ನೇ.

ಪದಕ್ಕೆ ಪದ ಇಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಇಲ್ಲಿಯ ಸರಕಾರಿ ಕಾಗದಗಳನ್ನೇ ನೋಡಬಹುದು. ನಿಜಾಮರ ಕಾಲದ ಉರ್ದು ದಾಖಲೆಗಳಲ್ಲಿ ಮಗನ ಹೆಸರಿಗೂ ಅಪ್ಪನ ಹೆಸರಿಗೂ ನಡುವೆ ‘ವಲ್ದ್’ ಇರುತ್ತಿತ್ತು. ಈಗ ಬೀದರ್, ಕಲಬುರಗಿ ಕಡೆ ಆ ಜಾಗದಲ್ಲಿ ‘ತಂದೆ’ ಇದೆ: ‘ಶಿವಪ್ಪ ತಂದೆ ಬಸಪ್ಪ’. ಮದುವೆಯಾದ ಹೆಣ್ಣಿಗೆ ‘ಗಂಡ’. ಊರಿನವರಿಗೆ ಇದು ಸರಾಗ. ಇದನ್ನೇ ಇಂಗ್ಲಿಷಿಗೆ ನೇರ ತಂದು ‘ಶಿವಪ್ಪ ಫಾದರ್ ಬಸಪ್ಪ’ ಎಂದು ವೀಸಾ ಅರ್ಜಿಯಲ್ಲಿ ತುಂಬಿದರೆ ಯಾರು ಯಾರ ತಂದೆ ಎಂದು ಅಧಿಕಾರಿ ಕೇಳದೆ ಇರುವುದಿಲ್ಲ. ಅಲ್ಲಿ ‘ಸನ್ ಆಫ್’ ಎಂದೇ ಬರೆಯಬೇಕು. ಆಸ್ಪತ್ರೆ, ಶಾಲೆ, ವಲಸೆ ಕಚೇರಿಗಳಲ್ಲಿ ಅತ್ತೆಯನ್ನು ‘ಪೆಟರ್ನಲ್ ಆಂಟ್’, ಮಾಮಾನನ್ನು ‘ಮೆಟರ್ನಲ್ ಅಂಕಲ್’ ಎಂದು, ಗಂಡನ ತಾಯಿಯಾದ ಅತ್ತೆಯನ್ನು ‘ಮದರ್ ಇನ್ ಲಾ’ ಎಂದು ಬೇರೆಬೇರೆಯಾಗಿ ನಮೂದಿಸುವುದು ಅಗತ್ಯ. ಮನೆಮಾತಿನ ಇಂಗ್ಲಿಷಿಗೆ ಒಪ್ಪುವುದು ಅರ್ಜಿಯ ಇಂಗ್ಲಿಷಿಗೆ ಒಪ್ಪುವುದಿಲ್ಲ.

ಕೊನೆಯದಾಗಿ, ಪುಸ್ತಕದಿಂದ ‘ಚಿಕ್ಕಪ್ಪ’ ಕಲಿತ ಮಗು ಜನವಾಡಕ್ಕೆ ಬಂದು ಕಾಕಾನನ್ನು ಹಾಗೆ ಕರೆದರೆ ಯಾರೂ ತಪ್ಪು ತಿಳಿಯುವುದಿಲ್ಲ. ಆದರೂ ಕಾಕಾನಿಗೆ ‘ಕಾಕಾ’ ಎನಿಸಿಕೊಳ್ಳುವುದೇ ಇಷ್ಟ. ಮುಂದಿನ ಸಲ ಊರಿಗೆ ಫೋನು ಮಾಡಿದಾಗ ಮನೆಯ ಹಿರಿಯರನ್ನು ಒಬ್ಬೊಬ್ಬರಾಗಿ ಏನೆಂದು ಕರೆಯುವುದು ಎಂದು ಕೇಳಿ, ಅವರು ಹೇಳಿದ ಉಚ್ಚಾರದಲ್ಲೇ ಬರೆದಿಟ್ಟುಕೊಂಡು, ಮಕ್ಕಳ ಬಾಯಿಗೆ ಅದನ್ನೇ ರೂಢಿ ಮಾಡಿಸಿ.